ಆರ್ಟಿಕಲ್‌ಶಿಪ್ ಕಥೆ: ಯಾರು ಯಾರಿಗೆ ದುಡ್ಡು ಕೊಡ್ತಿದ್ರು?

(ಈ ವಾರದ ಸಂಚಿಕೆಯ ಬರಹ ರೂಪ)

ಬೆಳ್ಮಣ್‌ನಿಂದ ಮಾತಾಡ್ತಾ ಇದ್ದೇನೆ.

ಇವತ್ತು ಒಂದು ವಿಚಿತ್ರ ಕರಾರಿನ ಚರಿತ್ರೆ ಹೇಳ್ತೇನೆ. ನೀವು ಒಂದು ಆಫೀಸಿಗೆ ಕೆಲಸಕ್ಕೆ ಸೇರ್ತೀರಿ ಅಂತ ಇಟ್ಕೊಳ್ಳಿ. ಐದು ವರ್ಷ ದುಡಿಬೇಕು. ಸಂಬಳ ಇಲ್ಲ. ಅದರ ಮೇಲೆ, ಸೇರುವ ದಿನ ನಿಮ್ಮ ಅಪ್ಪ ಆ ಆಫೀಸಿನ ಯಜಮಾನರಿಗೆ ನೂರಾರು ಗಿನಿ ಎಣಿಸಿ ಕೊಡಬೇಕು. ಇದು ಇಂಗ್ಲೆಂಡಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಆಗಲು ಹೊರಟ ಹುಡುಗನ ಕಥೆ. ಆ ದುಡ್ಡಿಗೆ 'ಪ್ರೀಮಿಯಂ' ಅಂತ ಹೆಸರು. ಆ ಕರಾರು ಪತ್ರದ ಹೆಸರು 'ಆರ್ಟಿಕಲ್ಸ್'. ನಮ್ಮ ಕಡೆ "ಅವ ಸಿಎ ಆಫೀಸಲ್ಲಿ ಆರ್ಟಿಕಲ್ಸ್ ಮಾಡ್ತಿದ್ದಾನೆ" ಅಂತ ಹೇಳ್ತೇವಲ್ಲ, ಆ ಶಬ್ದ ಬಂದದ್ದು ಅಲ್ಲಿಂದಲೇ. ಆರ್ಟಿಕಲ್ ಅಂದ್ರೆ ಇಲ್ಲಿ ಪೇಪರಿಗೆ ಬರೆಯುವ ಲೇಖನ ಅಲ್ಲ, ಕರಾರಿನ ಕಲಮು.

ನಾನು ಬಿಕಾಂ ಓದಿದವ. ನನ್ನ ಕ್ಲಾಸಿನ ಎಷ್ಟೋ ಜನ ಈ ಕರಾರಿಗೆ ಸಹಿ ಹಾಕಿದವರು. ಕೆಲವರು ಈಗ ಹೆಸರಿನ ಮುಂದೆ ಸಿಎ ಅಂತ ಬರೀತಾರೆ, ಕೆಲವರು ಮಧ್ಯದಲ್ಲೇ ಬಿಟ್ಟರು. ಬಿಟ್ಟವರಲ್ಲಿ ಪರೀಕ್ಷೆ ಕಷ್ಟ ಆಗಿ ಬಿಟ್ಟವರಷ್ಟೇ ಇಲ್ಲ, ತಿಂಗಳ ಖರ್ಚು ಹೊಂದಿಸಲಿಕ್ಕಾಗದೆ ಬಿಟ್ಟವರೂ ಇದ್ದಾರೆ. ಹಾಗಾಗಿ ಈ ಕರಾರಲ್ಲಿ ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯಿತು, ಅದರ ಬದಲಿಗೆ ಕಲಿಯುವವನಿಗೆ ಏನು ಸಿಕ್ಕಿತು ಅನ್ನುವುದನ್ನೇ ಹಿಡಿದು ಹೋಗೋಣ.

ಲೆಕ್ಕ ನೋಡುವವನಿಗೆ ಸರ್ಟಿಫಿಕೇಟ್

ನಮ್ಮ ದೇಶದಲ್ಲಿ ಕಂಪನಿಯ ಲೆಕ್ಕ ತಪಾಸಣೆ ಯಾರು ಮಾಡಬಹುದು ಅನ್ನುವುದಕ್ಕೆ ಗಟ್ಟಿ ಕಾನೂನು ಬಂದದ್ದು 1913ರ ಇಂಡಿಯನ್ ಕಂಪನೀಸ್ ಆಕ್ಟ್‌ನಲ್ಲಿ. ಪ್ರೈವೇಟ್ ಕಂಪನಿ ಬಿಟ್ಟು ಉಳಿದ ಕಂಪನಿಗಳ ಆಡಿಟರ್ ಆಗಬೇಕಾದರೆ ಸರ್ಕಾರದ ಸರ್ಟಿಫಿಕೇಟ್ ಬೇಕು ಅಂತ ಅದು ಹೇಳಿತು.

ಆಗ ನಮ್ಮ ಊರಲ್ಲಿ ಏನಾಗ್ತಿತ್ತು ನೋಡಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಶುರು ಮಾಡಿದ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ. 1931ರಲ್ಲಿ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆಯಲ್ಲಿ ಇಷ್ಟು ಬ್ಯಾಂಕು ಹುಟ್ಟಿದವು ಅಂತ ನಾವು ಹೆಮ್ಮೆಯಿಂದ ಹೇಳ್ತೇವೆ. ಆದರೆ ಬ್ಯಾಂಕು ಇದ್ದಲ್ಲಿ ಅದರ ಲೆಕ್ಕ ನೋಡುವವ ಬೇಕು. ಅವನ ಹಿಂದೆ ಬ್ಯಾಗು, ವೋಚರ್ ಫೈಲು ಹಿಡ್ಕೊಂಡು ಓಡಾಡುವ ಹುಡುಗನೂ ಬೇಕು.

1913ರ ಕಾನೂನಿನಡಿ ಎರಡು ಬಗೆಯ ಸರ್ಟಿಫಿಕೇಟ್ ಇದ್ದವು. ಒಂದನ್ನು ಹಿಡಿದವ ಬ್ರಿಟಿಷ್ ಇಂಡಿಯಾದಲ್ಲಿ ಎಲ್ಲಿ ಬೇಕಾದರೂ ಆಡಿಟ್ ಮಾಡಬಹುದು. ಇನ್ನೊಂದು ಸೀಮಿತ ಸರ್ಟಿಫಿಕೇಟ್. ಅದನ್ನು ಹಿಡಿದವ ಆ ಪ್ರಾಂತ್ಯದೊಳಗೆ ಮಾತ್ರ, ಅದರಲ್ಲೂ ಸರ್ಟಿಫಿಕೇಟಿನಲ್ಲಿ ಬರೆದ ಭಾಷೆಯ ಲೆಕ್ಕಗಳನ್ನು ಮಾತ್ರ ನೋಡಬಹುದು. ಭಾಷೆ ಅಂತ ಬರೆದದ್ದು ಗಮನಿಸಿ. ಲೆಕ್ಕದ ಪುಸ್ತಕ ಎಲ್ಲ ಇಂಗ್ಲಿಷಿನಲ್ಲೇ ಇರುವುದಿಲ್ಲ ಅಂತ ಸರ್ಕಾರಕ್ಕೆ ಗೊತ್ತಿತ್ತು. 1920ರಲ್ಲಿ ಈ ಸೀಮಿತ ಸರ್ಟಿಫಿಕೇಟ್ ಕೊಡುವುದನ್ನು ನಿಲ್ಲಿಸಿದರು. ಅಲ್ಲಿಂದ ಮುಂದೆ ಈ ವೃತ್ತಿಗೆ ಉಳಿದದ್ದು ದೊಡ್ಡ ಬಾಗಿಲು ಒಂದೇ, ಅದರ ಭಾಷೆ ಇಂಗ್ಲಿಷ್.

ಆ ದೊಡ್ಡ ಬಾಗಿಲಿನ ಕೀಲಿ ಬೊಂಬಾಯಿಯಲ್ಲಿತ್ತು. 1918ರಲ್ಲಿ ಅಲ್ಲಿ 'ಗವರ್ನಮೆಂಟ್ ಡಿಪ್ಲೊಮಾ ಇನ್ ಅಕೌಂಟೆನ್ಸಿ', ಚಿಕ್ಕದಾಗಿ ಜಿಡಿಎ, ಶುರುವಾಯಿತು. ಪರೀಕ್ಷೆ ಪಾಸಾಗಬೇಕು, ಜೊತೆಗೆ ಸರ್ಕಾರ ಒಪ್ಪಿದ ಅಕೌಂಟೆಂಟ್ ಹತ್ತಿರ 3 ವರ್ಷ ಆರ್ಟಿಕಲ್‌ಶಿಪ್ ಮಾಡಬೇಕು. ನಮ್ಮ ದೇಶದಲ್ಲಿ ಪರೀಕ್ಷೆ ಮತ್ತು ಆಫೀಸು ಎರಡನ್ನೂ ಹೀಗೆ ಒಂದೇ ಹಗ್ಗದಲ್ಲಿ ಕಟ್ಟಿದ್ದು ಇಲ್ಲಿಂದ.

ಯಾಕೆ ಕಟ್ಟಿದರು? ಜಮಾ ಖರ್ಚು ಹೇಗೆ ಬರೀಬೇಕು ಅಂತ ಪುಸ್ತಕ ಹೇಳ್ತದೆ. ಆದರೆ ಬರೆದದ್ದು ಸುಳ್ಳಾ ನಿಜವಾ ಅಂತ ಪುಸ್ತಕ ಹೇಳುವುದಿಲ್ಲ. ಅದಕ್ಕೆ ಸಾವಿರ ವೋಚರ್ ತಿರುವಿ ಹಾಕಿದ ಕಣ್ಣು ಬೇಕು. ಆ ಕಣ್ಣು ಬರುವುದು ಇನ್ನೊಬ್ಬರ ಹತ್ತಿರ ಕೂತು.

ಜೈಲಿಗೆ ಹೋದವರಿಗೆ ಬಾಗಿಲಿಲ್ಲ

ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಅದೇ ಮದ್ರಾಸಿನ ಆರ್. ಶಿವಭೋಗಂ ಅವರ ಕಥೆ ಹೇಳದೆ ಮುಂದೆ ಹೋಗಲಿಕ್ಕಾಗುವುದಿಲ್ಲ. ಭಾರತದ ಮೊದಲ ಮಹಿಳಾ ಚಾರ್ಟರ್ಡ್ ಅಕೌಂಟೆಂಟ್ ಅಂತ ಅವರನ್ನು ಗುರುತಿಸ್ತಾರೆ. ಸ್ವಾತಂತ್ರ್ಯ ಚಳವಳಿಯಲ್ಲಿ ಸೇರಿ ವೆಲ್ಲೂರು ಜೈಲಿನಲ್ಲಿ ಇದ್ದವರು. 1933ರಲ್ಲಿ ಜಿಡಿಎ ಪಾಸಾದರು. ಮದ್ರಾಸಿನ ಸಿ. ಎಸ್. ಶಾಸ್ತ್ರಿಯವರ ಹತ್ತಿರ ತರಬೇತಿಯನ್ನೂ ಪಡೆದರು.

ಅಷ್ಟರಲ್ಲಿ ನಿಯಮ ಬದಲಾಗ್ತಾ ಇತ್ತು. 1930ರ ಹೊತ್ತಿಗೆ ಭಾರತ ಸರ್ಕಾರ ಅಕೌಂಟೆಂಟರ ಒಂದು ರಿಜಿಸ್ಟರ್ ಇಡಲು ತೀರ್ಮಾನಿಸಿತು. 1932ರಲ್ಲಿ ಅದಕ್ಕೆ ನಿಯಮಾವಳಿ ಬಂತು. ಹೆಸರು ಆ ರಿಜಿಸ್ಟರಿನಲ್ಲಿ ಇದ್ದರೆ ಮಾತ್ರ 'ರಿಜಿಸ್ಟರ್ಡ್ ಅಕೌಂಟೆಂಟ್'. ಜೈಲಿಗೆ ಹೋಗಿ ಬಂದವರ ಹೆಸರು ಅದರಲ್ಲಿ ಬರುವ ಹಾಗಿರಲಿಲ್ಲ. ಶಿವಭೋಗಂ ಇದನ್ನು ಪ್ರಶ್ನಿಸಿ ಕಾನೂನಿನ ದಾರಿ ಹಿಡಿದರು, ಗೆದ್ದರು. 1937ರಲ್ಲಿ ಅವರ ಹೆಸರು ರಿಜಿಸ್ಟರಿಗೆ ಬಂತು. ಪರೀಕ್ಷೆ ಪಾಸಾದ ಮೇಲೆ 4 ವರ್ಷ.

ಪರೀಕ್ಷೆ ಒಂದು ಬಾಗಿಲು, ಆರ್ಟಿಕಲ್‌ಶಿಪ್ ಇನ್ನೊಂದು, ರಿಜಿಸ್ಟರ್ ಮೂರನೇದು. ಮಾರ್ಕು ಕೊಡುವುದು ಉತ್ತರ ಪತ್ರಿಕೆಗೆ, ಅದಕ್ಕೆ ಹೆಸರು ಇರುವುದಿಲ್ಲ. ಆದರೆ ಆರ್ಟಿಕಲ್‌ಶಿಪ್‌ಗೆ ಸೇರಿಸಿಕೊಳ್ಳುವವರು ಮನುಷ್ಯರು. ಅವರಿಗೆ ನಿಮ್ಮ ಹೆಸರು ಗೊತ್ತು, ಅಪ್ಪನ ಹೆಸರು ಗೊತ್ತು, ಊರು ಗೊತ್ತು. ಪ್ರೀಮಿಯಂ ಕೇಳುವ ಕಾಲದಲ್ಲಂತೂ ಯಾರಿಗೆ ಬಾಗಿಲು ತೆರೀತಿತ್ತು ಅಂತ ಬೇರೆ ಹೇಳಬೇಕಾ?

ಸ್ವಾತಂತ್ರ್ಯ ಬಂದ ಮೇಲೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಆಕ್ಟ್ ಬಂತು. ಜುಲೈ 1ರಿಂದ ಜಾರಿ. ಪ್ರತಿ ವರ್ಷ ಆ ದಿನ ಸಿಎ ಸ್ನೇಹಿತರ ಸ್ಟೇಟಸ್ ತುಂಬಾ ಶುಭಾಶಯ ಬರುವುದು ಇದಕ್ಕೇ. ಐಸಿಎಐ, ಅಂದರೆ ಸಿಎ ಇನ್‌ಸ್ಟಿಟ್ಯೂಟ್, ಹುಟ್ಟಿತು. ಪರೀಕ್ಷೆ, ತರಬೇತಿ, ಶಿಸ್ತು ಮೂರೂ ಅದರ ಕೈಗೆ ಬಂದವು. ಬ್ರಿಟಿಷರು ಹೋದರು, ಆರ್ಟಿಕಲ್ಸ್ ಉಳಿಯಿತು.

ನಿಯಮ 47, ನಿಯಮ 48

ಈಗ ಜಾರಿಯಲ್ಲಿರುವುದು 1988ರ ಚಾರ್ಟರ್ಡ್ ಅಕೌಂಟೆಂಟ್ಸ್ ರೆಗ್ಯುಲೇಷನ್ಸ್, ಆಮೇಲೆ ಆದ ತಿದ್ದುಪಡಿಗಳ ಜೊತೆ. ಅದರಲ್ಲಿ ಅಕ್ಕಪಕ್ಕದಲ್ಲಿರುವ ಎರಡು ನಿಯಮ ಓದಿದರೆ ಇಡೀ ಚರಿತ್ರೆ ಕಾಣ್ತದೆ. 47ನೇ ನಿಯಮ ಪ್ರೀಮಿಯಂ ಬಗ್ಗೆ. ಆರ್ಟಿಕಲ್ ಸೇರುವವರಿಂದ ಪ್ರೀಮಿಯಂ ತೆಗೆದುಕೊಳ್ಳಬಾರದು, ಸಾಲ ಅಂತಲೋ ಡಿಪಾಸಿಟ್ ಅಂತಲೋ ಬೇರೆ ಹೆಸರಲ್ಲೂ ತೆಗೆದುಕೊಳ್ಳಬಾರದು. ಅದರ ಮುಂದಿನ 48ನೇ ನಿಯಮ ಸ್ಟೈಪೆಂಡ್ ಬಗ್ಗೆ. ಯಜಮಾನರೇ ತಿಂಗಳು ತಿಂಗಳು ಇಂತಿಷ್ಟು ಕೊಡಬೇಕು, ಬ್ಯಾಂಕ್ ಖಾತೆ ಅಥವಾ ಚೆಕ್ ಮೂಲಕ ಕೊಡಬೇಕು. ಅಂದ್ರೆ ದುಡ್ಡಿನ ಹೊಳೆ ದಿಕ್ಕು ಬದಲಿಸಿತು. ಹೆಸರೂ ಬದಲಾಯಿತು. ಹಿಂದೆ 'ಆರ್ಟಿಕಲ್ಡ್ ಕ್ಲರ್ಕ್', ಈಗ 'ಆರ್ಟಿಕಲ್ಡ್ ಅಸಿಸ್ಟೆಂಟ್'.

ಎಷ್ಟು ಕೊಡಬೇಕು? ಇಲ್ಲಿ ನಮ್ಮೂರಿಗೆ ನೇರ ಸಂಬಂಧ ಇದೆ. ಕನಿಷ್ಠ ಸ್ಟೈಪೆಂಡನ್ನು ಊರಿನ ಜನಸಂಖ್ಯೆ ನೋಡಿ ನಿಗದಿ ಮಾಡಿದ್ದಾರೆ. 20 ಲಕ್ಷಕ್ಕಿಂತ ಮೇಲಿನ ನಗರ ಒಂದು ಮೆಟ್ಟಿಲು, 4ರಿಂದ 20 ಲಕ್ಷದವರೆಗೆ ಇನ್ನೊಂದು, 4 ಲಕ್ಷಕ್ಕಿಂತ ಕಡಿಮೆ ಮೂರನೇದು. ಬೆಂಗಳೂರು ಮೊದಲನೇದರಲ್ಲಿ, ಮಂಗಳೂರು ಎರಡನೇದರಲ್ಲಿ. ಉಡುಪಿ, ಕಾರ್ಕಳ, ಕಾಪು, ನಮ್ಮ ಬೆಳ್ಮಣ್ ಎಲ್ಲ ಮೂರನೇದರಲ್ಲಿ.

2020ರ ತನಕ ಮೊದಲ ವರ್ಷದ ಕನಿಷ್ಠ ಸ್ಟೈಪೆಂಡ್ ಬೆಂಗಳೂರಲ್ಲಿ ತಿಂಗಳಿಗೆ 1,000 ರೂಪಾಯಿ, ಮಂಗಳೂರಲ್ಲಿ 750, ನಮ್ಮ ಕಡೆ 500. ಎರಡನೇ ವರ್ಷ 250 ಜಾಸ್ತಿ, ಮೂರನೇ ವರ್ಷ ಮತ್ತೆ 250 ಜಾಸ್ತಿ. 500 ರೂಪಾಯಿಯನ್ನು ತಿಂಗಳ 26 ಕೆಲಸದ ದಿನಕ್ಕೆ ಹಂಚಿ ನೋಡಿ. ದಿನಕ್ಕೆ 19 ರೂಪಾಯಿ ಚಿಲ್ಲರೆ ಬರ್ತದೆ. ಇಡೀ 3 ವರ್ಷ ಕೂಡಿಸಿದರೆ ಉಡುಪಿಯಲ್ಲಿ 27,000, ಮಂಗಳೂರಲ್ಲಿ 36,000, ಬೆಂಗಳೂರಲ್ಲಿ 45,000. 2020ರಲ್ಲಿ ಈ ದರವನ್ನೆಲ್ಲ ದುಪ್ಪಟ್ಟು ಮಾಡಿದರು. ಆಗಲೂ ಉಡುಪಿಯ ಮೊದಲ ವರ್ಷದ ಹುಡುಗಿಗೆ ಕಾನೂನು ಕೊಡಿಸಿದ್ದು ತಿಂಗಳಿಗೆ 1,000.

ಇದು ಕನಿಷ್ಠ, ಇಷ್ಟೇ ಕೊಡಬೇಕು ಅಂತ ಇಲ್ಲ. ಜಾಸ್ತಿ ಕೊಡುವ ಆಫೀಸುಗಳಿವೆ, ದೊಡ್ಡ ನಗರದ ದೊಡ್ಡ ಫರ್ಮುಗಳಲ್ಲಿ ಹಲವು ಪಟ್ಟು ಸಿಗ್ತದೆ. ಹಾಗಾದ್ರೆ ಎಲ್ಲರೂ ಬೆಂಗಳೂರಿಗೆ ಹೋಗಬೇಕಾ? ಜನಸಂಖ್ಯೆಯ ಮೆಟ್ಟಿಲಿನ ಹಿಂದಿನ ತರ್ಕ ಏನಂದ್ರೆ ಸಣ್ಣ ಊರಲ್ಲಿ ಬದುಕುವ ಖರ್ಚು ಕಡಿಮೆ ಅಂತ. ಮನೆಯಿಂದ ಬುತ್ತಿ ಕಟ್ಟಿಕೊಂಡು ಉಡುಪಿಗೆ ಹೋಗಿ ಬರುವವನಿಗೆ ಇದು ಸರಿ. ಬೆಂಗಳೂರಿಗೆ ಹೋದವ ಪಿಜಿ ಬಾಡಿಗೆ ಕೊಡಬೇಕು. ಅಲ್ಲಿ ಕನಿಷ್ಠ ಸ್ಟೈಪೆಂಡಿನಿಂದ ಪಿಜಿ ಬಾಡಿಗೆ ಹುಟ್ಟುವುದಿಲ್ಲ, ಉಳಿದದ್ದು ಮನೆಯಿಂದ ಹೋಗಬೇಕು. ಅಪ್ಪ ಗಿನಿ ಎಣಿಸಿ ಯಜಮಾನನಿಗೆ ಕೊಡುವ ಕಾಲ ಹೋಯಿತು ನಿಜ. ಆದರೆ ಅಪ್ಪ ಈಗಲೂ ಎಣಿಸ್ತಾ ಇದ್ದಾರೆ, ಪಿಜಿಯವರಿಗೆ.

ಏಪ್ರಿಲ್ ತಿಂಗಳ ಪಾಠ

ಇಷ್ಟೆಲ್ಲ ಕೊಟ್ಟು ಕಲಿಯುವುದು ಏನನ್ನು? ನಮ್ಮ ಕರಾವಳಿಯ ಆರ್ಟಿಕಲ್ ಹುಡುಗರಿಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ ಹೇಳ್ತೇನೆ: ಬ್ಯಾಂಕ್ ಬ್ರಾಂಚ್ ಆಡಿಟ್. ಮಾರ್ಚ್ 31ಕ್ಕೆ ಲೆಕ್ಕ ಮುಗೀತದೆ, ಏಪ್ರಿಲ್ ಮೊದಲ ವಾರಗಳಲ್ಲೇ ಆಡಿಟ್ ಮುಗಿಸಬೇಕು. ಪ್ರಿನ್ಸಿಪಾಲ್, ಅಂದ್ರೆ ನಿಮ್ಮನ್ನು ಸೇರಿಸಿಕೊಂಡ ಸಿಎ, ಬ್ರಾಂಚಿಗೆ ಕರ್ಕೊಂಡು ಹೋಗ್ತಾರೆ. ಕೈಗೆ ಸಾಲದ ಖಾತೆಗಳ ಪಟ್ಟಿ ಕೊಡ್ತಾರೆ.

ಪುಸ್ತಕದ ನಿಯಮ ಸುಲಭ. ಸಾಲದ ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಅದು ಎನ್‌ಪಿಎ, ವಸೂಲಾಗದ ಸಾಲ. ಬ್ಯಾಂಕು ಅದಕ್ಕೆ ಲಾಭದಿಂದ ದುಡ್ಡು ತೆಗೆದಿಡಬೇಕು, ಅದರ ಬಡ್ಡಿಯನ್ನು ಕೈಗೆ ಬರುವ ತನಕ ಆದಾಯ ಅಂತ ತೋರಿಸುವ ಹಾಗಿಲ್ಲ. ಹಾಗಾಗಿ ಮಾರ್ಚ್ 31ರ ದಿನ ಎನ್‌ಪಿಎ ಕಡಿಮೆ ಕಾಣಬೇಕು ಅನ್ನುವ ಆಸೆ ಯಾವ ಬ್ರಾಂಚಿಗಾದರೂ ಇರ್ತದೆ.

ಒಂದು ಉದಾಹರಣೆ ತಗೊಳ್ಳಿ. ಒಬ್ಬ ವ್ಯಾಪಾರಿಯ ಕಂತು ಡಿಸೆಂಬರ್ 31ಕ್ಕೆ ಕಟ್ಟಬೇಕಿತ್ತು, ಕಟ್ಟಲಿಲ್ಲ. ಬಾಕಿಯಾದ ಆ ದಿನವನ್ನೇ ಒಂದು ಅಂತ ಎಣಿಸಿ. ಜನವರಿ ಮುಗಿಯುವಾಗ 32, ಫೆಬ್ರವರಿ 28ಕ್ಕೆ 60, ಮಾರ್ಚ್ 31ಕ್ಕೆ 91. ಆ ದಿನ ಸಂಜೆ ಲೆಕ್ಕ ಮುಗಿಯುವಾಗ ಸಾಲ ಎನ್‌ಪಿಎ ಆಗಲೇಬೇಕು. ಆದರೆ ಪಟ್ಟಿಯಲ್ಲಿ ಆ ಹೆಸರೇ ಇಲ್ಲ! ಖಾತೆ ತೆಗೆದು ನೋಡಿದರೆ ಮಾರ್ಚ್ 30ಕ್ಕೆ ಬಾಕಿ ಪೂರ್ತಿ ಜಮಾ ಆಗಿದೆ.

ಪುಸ್ತಕ ಮಾತ್ರ ಓದಿದವ ಇಲ್ಲಿ ಟಿಕ್ ಹಾಕಿ ಮುಂದಿನ ಖಾತೆಗೆ ಹೋಗ್ತಾನೆ. ಪ್ರಿನ್ಸಿಪಾಲ್ ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳ್ತಾರೆ: "ಈ ದುಡ್ಡು ಎಲ್ಲಿಂದ ಬಂತು ನೋಡು." ಹುಡುಕಿದರೆ ಮಾರ್ಚ್ 29ಕ್ಕೆ ಅದೇ ಮನೆಯ ಇನ್ನೊಬ್ಬರ ಹೆಸರಲ್ಲಿ ಹೊಸ ಸಾಲ ಮಂಜೂರಾಗಿದೆ, ಆ ದುಡ್ಡೇ ಇಲ್ಲಿಗೆ ಬಂದಿದೆ. ಹಳೇ ಸಾಲಕ್ಕೆ ಹೊಸ ಸಾಲದಿಂದ ನೀರು ಹಾಕಿ ಹಸಿರು ಇಟ್ಟಿದ್ದಾರೆ. ಆಡಿಟ್ ನಡೆಯುವುದು ಏಪ್ರಿಲ್‌ನಲ್ಲಿ ಆದದ್ದರಿಂದ ಇನ್ನೊಂದು ಅನುಕೂಲ ಇದೆ. ಏಪ್ರಿಲ್ ಮೊದಲ ದಿನಗಳ ವ್ಯವಹಾರವನ್ನೂ ನೋಡಬಹುದು. ಮಾರ್ಚ್ ಕೊನೆಗೆ ಬಂದ ದುಡ್ಡು ಏಪ್ರಿಲ್ 2ಕ್ಕೋ 3ಕ್ಕೋ ವಾಪಸ್ ಹೋಗಿದ್ದರೆ, ಅದು ಕಂತು ಕಟ್ಟಿದ ದುಡ್ಡಲ್ಲ ಅಂತ ಸಂಶಯ ಪಡಲೇಬೇಕು.

ಹೀಗೆ ನಾಲ್ಕು ಬ್ರಾಂಚ್ ನೋಡಿದ ಹುಡುಗಿಗೆ ಮಾರ್ಚ್ ಕೊನೇ ವಾರದ ಜಮಾ ಕಂಡರೆ ಕೈ ತಾನಾಗಿ ನಿಲ್ತದೆ. 1918ರಲ್ಲಿ ಪರೀಕ್ಷೆಗೆ ಆಫೀಸನ್ನು ಕಟ್ಟಿಹಾಕಿದ್ದು ಇದಕ್ಕೆ.

ಮೂರು ಹೋಗಿ ಎರಡಾಯಿತು

2023ರ ಜುಲೈ 1ರಿಂದ ಐಸಿಎಐ ಹೊಸ ಪದ್ಧತಿ ತಂದಿತು. ಆರ್ಟಿಕಲ್‌ಶಿಪ್ 3 ವರ್ಷ ಇದ್ದದ್ದು 2 ವರ್ಷ ಆಯಿತು. ಹಿಂದೆ ಇಂಟರ್‌ಮೀಡಿಯೆಟ್‌ನ ಒಂದು ಗ್ರೂಪ್ ಪಾಸಾದರೆ ಸೇರಬಹುದಿತ್ತು, ಈಗ ಎರಡೂ ಗ್ರೂಪ್ ಪಾಸಾಗಿರಬೇಕು.

ಒಂದು ವರ್ಷ ಕಡಿಮೆ ಆಯಿತು ಅಂತ ಕೆಲವರಿಗೆ ಖುಷಿ, ಕಲಿಕೆ ಕಡಿಮೆ ಆಯಿತು ಅಂತ ಕೆಲವು ಹಿರಿಯರಿಗೆ ಬೇಜಾರು. ಆದರೆ ರಜೆಯ ಲೆಕ್ಕ ಹಾಕದೆ ಈ ಜಗಳ ಅರ್ಥ ಆಗುವುದಿಲ್ಲ. ಹಳೇ ಪದ್ಧತಿಯಲ್ಲಿ ದುಡಿದ ಅವಧಿಯ ಆರನೇ ಒಂದು ಭಾಗದಷ್ಟು ರಜೆ ಸಿಗ್ತಿತ್ತು. 3 ವರ್ಷಕ್ಕೆ ಅದು ಸುಮಾರು 156 ದಿನ, ಅಂದ್ರೆ 5 ತಿಂಗಳು. ಅದನ್ನೆಲ್ಲ ಕೂಡಿಟ್ಟು ಕೊನೆಗೆ ಫೈನಲ್ ಪರೀಕ್ಷೆಗೆ ಓದಲು ಬಳಸ್ತಿದ್ರು. ಕೊನೇ 6 ತಿಂಗಳಲ್ಲಿ ಆಫೀಸಲ್ಲಿ ಇದ್ದುಕೊಂಡೇ ಫೈನಲ್ ಬರೀಬಹುದಿತ್ತು. ಹಾಗಾಗಿ ಮೂರನೇ ವರ್ಷ ದೇಹ ಆಫೀಸಲ್ಲಿ, ಮನಸ್ಸು ಪುಸ್ತಕದಲ್ಲಿ. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ರಜೆ ಮಾತ್ರ, 2 ವರ್ಷಕ್ಕೆ 24. ತರಬೇತಿ ಮುಗಿದ ಮೇಲೆ 6 ತಿಂಗಳು ಬರೀ ಓದಲಿಕ್ಕೆ, ಆಮೇಲೆ ಫೈನಲ್.

ಅಂದ್ರೆ ಹಳೇ 36 ತಿಂಗಳಲ್ಲಿ ರಜೆ ಕಳೆದರೆ 31 ತಿಂಗಳ ಕೆಲಸ. ಹೊಸ 24 ತಿಂಗಳಲ್ಲಿ ಹೆಚ್ಚುಕಡಿಮೆ 23 ತಿಂಗಳು. ಕಡಿತ ಇರುವುದು 8 ತಿಂಗಳದ್ದು, 12 ತಿಂಗಳದ್ದಲ್ಲ. ಆದರೆ ಏಪ್ರಿಲ್ ಲೆಕ್ಕದಲ್ಲಿ ನೋಡಿದರೆ ಮೂರು ಬ್ಯಾಂಕ್ ಆಡಿಟ್ ಸಿಗುವಲ್ಲಿ ಎರಡು ಸಿಗ್ತದೆ. ಇನ್ನು ಆ 6 ತಿಂಗಳ ಓದಿನ ಅವಧಿಯಲ್ಲಿ ಸ್ಟೈಪೆಂಡ್ ಇಲ್ಲ. ಅದನ್ನೂ ಮನೆಯವರೇ ನೋಡಿಕೊಳ್ಳಬೇಕು.

ಕಂಪನಿ ಸೆಕ್ರೆಟರಿಗಳ ಕಥೆ ಇದೇ ದಾರಿಯಲ್ಲಿ ತಡವಾಗಿ ನಡೆದದ್ದು. ಅಲ್ಲೂ ಮೊದಲು ಸರ್ಕಾರಿ ಡಿಪ್ಲೊಮಾ ಇತ್ತು. 1968ರಲ್ಲಿ ಐಸಿಎಸ್‌ಐ ಹುಟ್ಟಿ, 1980ರ ಕಾನೂನಿನಿಂದ 1981ರ ಜನವರಿ 1ಕ್ಕೆ ಶಾಸನಬದ್ಧ ಸಂಸ್ಥೆ ಆಯಿತು. ಈಗ ಎಕ್ಸಿಕ್ಯೂಟಿವ್ ಪಾಸಾದ ಮೇಲೆ 21 ತಿಂಗಳ ತರಬೇತಿ. ಒಂದು ವ್ಯತ್ಯಾಸ ಇದೆ. ಸಿಎ ಆಗುವವ ಮುಖ್ಯವಾಗಿ ಪ್ರಾಕ್ಟೀಸ್ ಮಾಡುವ ಸಿಎ ಹತ್ತಿರವೇ ಕಲೀಬೇಕು, ಬೇಕಾದರೆ ಕೊನೇ ವರ್ಷ ಕಂಪನಿಗೆ ಹೋಗಬಹುದು. ಸಿಎಸ್ ಆಗುವವರು ಇಡೀ ತರಬೇತಿಯನ್ನು ಕಂಪನಿಯಲ್ಲೇ ಮಾಡಬಹುದು. ಆದರೆ ಅದಕ್ಕೆ ಸೆಕ್ರೆಟರಿ ಇರುವ ಕಂಪನಿ ಹತ್ತಿರದಲ್ಲಿರಬೇಕು. ನಮ್ಮ ಜಿಲ್ಲೆಯ ಬ್ಯಾಂಕುಗಳಲ್ಲಿ ವಿಜಯಾ 2019ರ ಏಪ್ರಿಲ್ 1ಕ್ಕೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಏಪ್ರಿಲ್ 1ಕ್ಕೆ ಬೇರೆ ಬ್ಯಾಂಕುಗಳಲ್ಲಿ ವಿಲೀನ ಆದವು. ಬ್ರಾಂಚುಗಳು ಊರಲ್ಲೇ ಇವೆ. ಮಣಿಪಾಲದಲ್ಲೂ ಮಂಗಳೂರಲ್ಲೂ ಇದ್ದ ಹೆಡ್ ಆಫೀಸುಗಳು ಹೋದವು. ಬ್ರಾಂಚ್ ಆಡಿಟ್ ಬ್ರಾಂಚ್ ಇರುವಲ್ಲಿ ನಡೀತದೆ, ಸೆಕ್ರೆಟರಿಯ ಕೆಲಸ ಬೋರ್ಡ್ ಮೀಟಿಂಗ್ ಇರುವಲ್ಲಿ.

ಡಮ್ಮಿ

ಕೊನೆಗೆ ಒಂದು ರೋಗದ ಬಗ್ಗೆ ಹೇಳಿ ಮುಗಿಸ್ತೇನೆ. ಇದಕ್ಕೆ ಎಲ್ಲರೂ ಹೇಳುವ ಹೆಸರು 'ಡಮ್ಮಿ ಆರ್ಟಿಕಲ್‌ಶಿಪ್'. ಕಾಗದದಲ್ಲಿ ನೀವು ಆ ಆಫೀಸಿನವರು. ವಾಸ್ತವದಲ್ಲಿ ಕೋಚಿಂಗ್ ಕ್ಲಾಸಲ್ಲಿ, ಇಲ್ಲವೇ ಮನೆಯಲ್ಲಿ. ಸ್ಟೈಪೆಂಡ್ ಬ್ಯಾಂಕಿಗೆ ಜಮಾ ಆಗ್ತದೆ, ನಗದಾಗಿ ವಾಪಸ್ ಹೋಗ್ತದೆ. ಕೆಲವು ಕಡೆ ಅದರ ಮೇಲೆ ಇನ್ನಷ್ಟು ಕೊಡಬೇಕಂತೆ. ಗಮನಿಸಿದ್ರಾ? 47ನೇ ನಿಯಮ ಹೊರಗೆ ಹಾಕಿದ ಪ್ರೀಮಿಯಂ ಹಿಂಬಾಗಿಲಿನಿಂದ ಒಳಗೆ ಬಂದಿದೆ. ಸಿಕ್ಕಿಬಿದ್ದರೆ ಆ ಅವಧಿಯನ್ನೇ ಲೆಕ್ಕಕ್ಕೆ ಹಿಡಿಯದೆ ಹೋಗಬಹುದು, ಸಿಎ ಮೇಲೂ ಶಿಸ್ತು ಕ್ರಮ ಆಗಬಹುದು. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ. ಮಾರ್ಚ್ 30ರ ಜಮಾ ಕಂಡಾಗ ಕೈ ನಿಲ್ಲದ ಒಬ್ಬ ಸಿಎ ತಯಾರಾಗ್ತಾನೆ, ಮತ್ತೆ ಅವನದ್ದೇ ಸಹಿ ನಂಬಿ ನಿಮ್ಮ ಅಜ್ಜಿ ಬ್ಯಾಂಕಲ್ಲಿ ಎಫ್‌ಡಿ ಇಡ್ತಾರೆ.

ಸೇರುವ ಮೊದಲು ಆ ಆಫೀಸಿನಲ್ಲಿ ಈಗಾಗಲೇ ಎರಡನೇ ವರ್ಷದಲ್ಲಿರುವ ಒಬ್ಬರನ್ನು ಹುಡುಕಿ ಮಾತಾಡಿ. ಕಳೆದ ಏಪ್ರಿಲ್‌ನಲ್ಲಿ ಯಾವ ಕೆಲಸಕ್ಕೆ ಹೋಗಿದ್ದಿ ಅಂತ ಕೇಳಿ. ಉತ್ತರ ವಿವರವಾಗಿ ಬಂದರೆ ಅಲ್ಲಿ ಕೆಲಸ ಇದೆ. ವಾರಕ್ಕೆ 35 ಗಂಟೆ ಕೆಲಸ ಅಂತ ಇದೆ. ಆ 35 ಗಂಟೆ ಏನು ಮಾಡಿಸ್ತಾರೆ ಅಂತ ಕೇಳಿ. ವರ್ಷ ಪೂರ್ತಿ ಜಿಎಸ್‌ಟಿ ರಿಟರ್ನ್ ಅಪ್‌ಲೋಡ್ ಮಾಡುವುದು ಮಾತ್ರ ಅಂತಾದರೆ ಯೋಚನೆ ಮಾಡಿ. ಯಾಕಂದ್ರೆ ಮೊದಲ ವರ್ಷ ಕಳೆದ ಮೇಲೆ ಇನ್ನೊಂದು ಆಫೀಸಿಗೆ ಟ್ರಾನ್ಸ್‌ಫರ್ ಆಗುವುದು ಸುಲಭ ಇಲ್ಲ, ಇನ್‌ಸ್ಟಿಟ್ಯೂಟ್ ಒಪ್ಪುವ ಕಾರಣ ಬೇಕು. ಫಾರಂ 102 ಅಂತ ಒಂದು ಕಾಗದಕ್ಕೆ ಸಹಿ ಹಾಕಿಸ್ತಾರೆ, ಅದೇ ಕರಾರು. ಫಾರಂ 103ನ್ನು ಸೇರಿದ 30 ದಿನದೊಳಗೆ ಕಳಿಸಬೇಕು. ಅದು ಹೋಗಿದೆಯಾ ಅಂತ ನೀವೇ ವಿಚಾರಿಸಿ, ಆಫೀಸಿನವರು ನೋಡಿಕೊಳ್ತಾರೆ ಅಂತ ಬಿಡಬೇಡಿ.

ನಿಮ್ಮ ಆರ್ಟಿಕಲ್‌ಶಿಪ್ ಆಫೀಸಲ್ಲಿ ಮೊದಲ ತಿಂಗಳು ಎಷ್ಟು ಕೊಟ್ರು, ಮೊದಲ ಆಡಿಟ್ ಎಲ್ಲಿ, ಯಾವ ವರ್ಷ? ಆಫೀಸಿನ ಹೆಸರು ಬೇಡ, ಊರು ಮತ್ತು ವರ್ಷ ಸಾಕು. ವಾಯ್ಸ್ ಮೆಸೇಜ್ ಕಳಿಸಿ. ಹಿರಿಯರು ಯಾರಾದರೂ ಪ್ರೀಮಿಯಂ ಕೊಟ್ಟು ಸೇರಿದವರು ನಿಮ್ಮ ಮನೆಯಲ್ಲಿದ್ದರೆ ಅವರ ಹತ್ತಿರ ಮಾತಾಡಿ ರೆಕಾರ್ಡ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.